ಬೈಪಾಸ್ ಆದ ಮೇಲೆ ಮಾತ್ರೆಗೊಂದು ವೇಳಾಪಟ್ಟಿ

ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರು ಒಂದೆರಡು ವರ್ಷದ ಬಳಿಕ ಕೇಳುವ ಪ್ರಶ್ನೆಯೊಂದಿದೆ: ‘ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಲ್ಲ, ಇನ್ನೂ ಮಾತ್ರೆ ಯಾಕೆ?’ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿರುವುದೇ ರಿಪೋರ್ಟ್ ನಾರ್ಮಲ್ ಇರಲು ಮುಖ್ಯ ಕಾರಣ. ಈ ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನು ಪುಟ್ಟ ಚೀಲದಷ್ಟು ಮಾಡಿ, ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದಕ್ಕೆ ಜೋಡಿಸುತ್ತಾರೆ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಚೆನ್ನಾಗಿ ಹೀರುವುದು ಆ ಬಿಟ್ಟುಹೋದ ಭಾಗವೇ. ತೂಕ ಇಳಿದರೂ ದಾರಿ ಹಾಗೇ ಉಳಿಯುತ್ತದೆ.

ಕ್ಯಾಲ್ಸಿಯಂ ವಿಷಯದಲ್ಲಿ ರಕ್ತಪರೀಕ್ಷೆ ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಊಟದಿಂದ ಸಾಕಷ್ಟು ಸಿಗದಿದ್ದರೆ ದೇಹ ಮೂಳೆಯಿಂದ ತೆಗೆದು ರಕ್ತದ ಮಟ್ಟವನ್ನು ಸರಿಯಾಗಿ ಇಟ್ಟುಕೊಳ್ಳುತ್ತದೆ. ಮೂಳೆ ಸವೆಯುತ್ತಿರುವ ಸುಳಿವು ಬೇಕಿದ್ದರೆ ಪಿಟಿಎಚ್ ಹಾರ್ಮೋನನ್ನೂ ವಿಟಮಿನ್ ಡಿ ಅನ್ನೂ ನೋಡಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು. ಬೈಪಾಸ್ ಆದವರಲ್ಲಿ ಆಮ್ಲ ತೀರಾ ಕಡಿಮೆ. ಹಾಗಾಗಿ ಲೇಬಲ್ ಓದಿ ಸಿಟ್ರೇಟ್ ಕೇಳಿ ಪಡೆಯುವುದು ಒಳ್ಳೆಯದು.

ಮುಟ್ಟು ನಿಲ್ಲದ ಮಹಿಳೆಯೊಬ್ಬರ ದಿನವನ್ನು ನೋಡೋಣ. ಅವರಿಗೆ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ, 45ರಿಂದ 60 ಮಿಲಿಗ್ರಾಂ ಕಬ್ಬಿಣ ಬೇಕು. ಕ್ಯಾಲ್ಸಿಯಂ ಒಂದೇ ಸಲಕ್ಕೆ 500–600 ಮಿಲಿಗ್ರಾಂ ದಾಟಿದರೆ ಸರಿಯಾಗಿ ಒಳಸೇರುವುದಿಲ್ಲ. ಕಬ್ಬಿಣದ ಜೊತೆ ನುಂಗಿದರೆ ಕಬ್ಬಿಣವನ್ನೂ ತಡೆಯುತ್ತದೆ. ಎರಡರ ನಡುವೆ ಎರಡು ಗಂಟೆಯಾದರೂ ಅಂತರ ಬೇಕು. ಕಾಫಿ, ಟೀ ಕೂಡ ಕಬ್ಬಿಣಕ್ಕೆ ಅಡ್ಡಿ. ಎದ್ದ ಕೂಡಲೇ ಕಾಫಿ ಬೇಕೆನ್ನುವವರಿಗೆ ಬೆಳಗ್ಗೆ ಕಬ್ಬಿಣ ಹೊಂದುವುದಿಲ್ಲ. ತಿಂಡಿಗೆ, ಮಧ್ಯಾಹ್ನ, ಸಂಜೆ ಆರಕ್ಕೆ ಕ್ಯಾಲ್ಸಿಯಂ ಮುಗಿಸಿ, ರಾತ್ರಿ ಮಲಗುವ ಮುನ್ನ ಕಬ್ಬಿಣ ತೆಗೆದುಕೊಂಡರೆ ಎಲ್ಲವೂ ಹೊಂದುತ್ತದೆ. ಕಬ್ಬಿಣ ಕಡಿಮೆಯಾಗುವಾಗ ಹಿಮೋಗ್ಲೋಬಿನ್‌ಗಿಂತ ಮೊದಲು ಫೆರಿಟಿನ್ ಇಳಿಯುತ್ತದೆ. ಅದನ್ನೂ ಬರೆಸಿಕೊಳ್ಳಿ.

ಮೊದಲ ಕೆಲವು ವಾರ ಜಗಿಯುವ ಮಾತ್ರೆ ಅಥವಾ ಸಿರಪ್ಪೇ ಅನುಕೂಲ. ದೊಡ್ಡ ಮಾತ್ರೆ ಆ ಪುಟ್ಟ ಚೀಲಕ್ಕೆ ಕಷ್ಟ. ನಿಧಾನವಾಗಿ ಕರಗುವಂತೆ ಲೇಪ ಕೊಟ್ಟ ಮಾತ್ರೆಗಳು ಆಮೇಲೂ ಬೇಡ. ಮಕ್ಕಳ ಚಾಕಲೇಟಿನಂಥ ಗಮ್ಮಿಗಳನ್ನು ನಂಬಬೇಡಿ, ಬಹಳಷ್ಟರಲ್ಲಿ ಕಬ್ಬಿಣವೇ ಇರುವುದಿಲ್ಲ. ಕಬ್ಬಿಣದ ಸಿರಪ್ ಹಲ್ಲಿಗೆ ಕಲೆ ಹಿಡಿಸುತ್ತದೆ, ಸ್ಟ್ರಾ ಬಳಸಿ, ಬಾಯಿ ಮುಕ್ಕಳಿಸಿ.

ಬಿ12 ಹೀರಲು ಜಠರ ಸ್ರವಿಸುವ ಒಂದು ಪ್ರೋಟೀನ್ ಬೇಕು, ಬೈಪಾಸ್ ಆದ ಮೇಲೆ ಅದು ಆಹಾರದೊಂದಿಗೆ ಸರಿಯಾಗಿ ಬೆರೆಯುವುದಿಲ್ಲ. ಯಕೃತ್ತಿನ ದಾಸ್ತಾನು ಕೆಲವು ವರ್ಷ ಸಾಗಿಸುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಹಾಲು, ಮೊಸರಷ್ಟೇ ಆಧಾರವಾದ ಸಸ್ಯಾಹಾರಿಗಳಲ್ಲಿ ಆ ದಾಸ್ತಾನು ಮೊದಲೇ ಕಡಿಮೆ ಇರಬಹುದು. ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್ ವಾಡಿಕೆ. ಪಾದ ಜೋಮು ಹಿಡಿದಂತಾಗುವುದು, ನಡೆಯುವಾಗ ತೂರಾಡುವುದು ಕಂಡರೆ ಕೂಡಲೇ ಪರೀಕ್ಷೆ ಮಾಡಿಸಬೇಕು. ಇಂಥ ಹೊತ್ತಿನಲ್ಲಿ ಫೋಲಿಕ್ ಆಸಿಡ್ ಒಂದನ್ನೇ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ.