ಓಣಿಗೆ ಗೋಡೆ ಅಡ್ಡ ಬಂದರೆ: ತಡೆಯಾಜ್ಞೆಗೆ ಮೂರು ಪರೀಕ್ಷೆ

ದಿನಸಿ ಅಂಗಡಿಯ ಹಿಂದಿನ ಗೋದಾಮಿಗೆ ಇರುವುದು 4 ಅಡಿ ಓಣಿ ಒಂದೇ. ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಅಲ್ಲಿ ಗೋಡೆ ಕಟ್ಟಲು ಇಟ್ಟಿಗೆ ಇಳಿಸಿದ್ದಾರೆ. ದಾವೆ ಮುಗಿಯಲು ವರ್ಷಗಳೇ ಬೇಕು. ಅಲ್ಲಿಯವರೆಗೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರಡಿ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ಕೋರ್ಟು ಮೂರು ವಿಷಯ ನೋಡುತ್ತದೆ.

ಒಂದು, ಮೇಲ್ನೋಟಕ್ಕೆ ಹಕ್ಕು ಕಾಣುತ್ತದೆಯೇ? ದಿನಸಿಯವರ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ಜಂಟಿ ಓಣಿ’ ಎಂದಿದೆ. ಗೆಲುವು ಖಚಿತವಾಗಬೇಕಿಲ್ಲ, ವಿಚಾರಣೆಗೆ ತಕ್ಕ ಆಧಾರವಿದ್ದರೆ ಸಾಕು.

ಎರಡು, ಯಾರಿಗೆ ಹೆಚ್ಚು ತೊಂದರೆ? ತಡೆ ಕೊಟ್ಟರೆ ಪಕ್ಕದವರು ಕಾಯಬೇಕಷ್ಟೇ. ಕೊಡದಿದ್ದರೆ ಇವರ ಮೂಟೆ ಒಳಗೇ ಹೋಗದು.

ಮೂರು, ನಷ್ಟವನ್ನು ಹಣದಿಂದ ತುಂಬಬಹುದೇ? ಕೈತಪ್ಪಿದ ಖಾಯಂ ಗಿರಾಕಿಗಳಿಗೆ ಬೆಲೆ ಕಟ್ಟುವುದು ಕಷ್ಟ.

ಮೂರೂ ಕೂಡಿದರೆ ಮಾತ್ರ ತಡೆಯಾಜ್ಞೆ. ತಡಮಾಡಿದರೆ ಅದೇ ನಿಮಗೆ ಮುಳುವಾಗಬಹುದು. ಕ್ರಯಪತ್ರ, ಫೋಟೊ ಹಿಡಿದು ಕೂಡಲೇ ವಕೀಲರನ್ನು ಕಾಣಿ.