ಗೀತಾ ತಂದ ನಾಲ್ಕು ಲಕ್ಷ ಯಾರ ಖಾತೆಗೆ?

ನಡೆಯುತ್ತಿರುವ ವ್ಯಾಪಾರಕ್ಕೆ ಹೊಸ ಪಾಲುದಾರರು ಸೇರುವಾಗ ಬಂಡವಾಳದ ಜೊತೆಗೆ ಇನ್ನೊಂದು ಮೊತ್ತವನ್ನೂ ತರುತ್ತಾರೆ. ಅದೇ ಗುಡ್‌ವಿಲ್. ಅಂಗಡಿಗೆ ಇಷ್ಟು ವರ್ಷಗಳಲ್ಲಿ ಬಂದ ಹೆಸರು, ಹಿಡಿದುಕೊಂಡ ಗಿರಾಕಿಗಳು, ಕುದುರಿದ ವ್ಯವಹಾರ ಇವುಗಳ ಬೆಲೆ ಅದು. ಮೊತ್ತ ಎಷ್ಟು ಎಂಬ ಬಗ್ಗೆ ಪಾಲುದಾರರು ವಾರಗಟ್ಟಲೆ ಚರ್ಚಿಸುತ್ತಾರೆ. ಆ ಹಣ ಯಾರ ಖಾತೆಗೆ ಹೋಗಬೇಕು ಎಂಬುದನ್ನು ಮಾತ್ರ ಗುಮಾಸ್ತರಿಗೆ ಬಿಟ್ಟುಬಿಡುತ್ತಾರೆ. ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಶಿವಣ್ಣ ಮತ್ತು ಮಹದೇವ ಪಾಲುದಾರರು. ಲಾಭವನ್ನು 3:2ರಂತೆ ಹಂಚಿಕೊಳ್ಳುತ್ತಾರೆ, ಅಂದರೆ ಐದು ಪಾಲಿನಲ್ಲಿ ಶಿವಣ್ಣನಿಗೆ ಮೂರು, ಮಹದೇವನಿಗೆ ಎರಡು. ಈಗ ಗೀತಾ ಸೇರುತ್ತಾರೆ, ಅವರಿಗೆ ಐದರಲ್ಲಿ ಒಂದು ಪಾಲು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 31ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ ಇದಕ್ಕೆ ಹಳಬರಿಬ್ಬರ ಒಪ್ಪಿಗೆಯೂ ಬೇಕು.

ಮೊದಲು ಗುಡ್‌ವಿಲ್‌ನ ಲೆಕ್ಕ. ಸಣ್ಣ ವ್ಯಾಪಾರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸರಾಸರಿ ಲಾಭದ ವಿಧಾನ. ಅಂಗಡಿಯ ಹಿಂದಿನ ಮೂರು ವರ್ಷಗಳ ಲಾಭ 9 ಲಕ್ಷ, 10.5 ಲಕ್ಷ ಮತ್ತು 13.5 ಲಕ್ಷ ಎಂದಿರಲಿ. ಮೂರನೇ ವರ್ಷದ ಮೊತ್ತದಲ್ಲಿ ಹಳೆಯ ಗೋದಾಮು ಮಾರಿದ್ದರಿಂದ ಬಂದ 3 ಲಕ್ಷವೂ ಸೇರಿದೆ. ಬಟ್ಟೆ ವ್ಯಾಪಾರದಿಂದ ಬಂದದ್ದಲ್ಲವಾದ್ದರಿಂದ ಅದನ್ನು ಕಳೆಯಬೇಕು. ಉಳಿದದ್ದರ ಸರಾಸರಿ 10 ಲಕ್ಷ. ಎರಡು ವರ್ಷದ ಲಾಭವನ್ನು ಗುಡ್‌ವಿಲ್ ಎಂದು ಮೂವರೂ ಒಪ್ಪಿದರೆ ಅಂಗಡಿಯ ಗುಡ್‌ವಿಲ್ 20 ಲಕ್ಷ ಆಯಿತು. ಅದರಲ್ಲಿ ಗೀತಾ ಅವರ ಐದನೇ ಒಂದು ಭಾಗ 4 ಲಕ್ಷ. ಗೋದಾಮಿನ 3 ಲಕ್ಷವನ್ನು ಕಳೆಯದೆ ಬಿಟ್ಟಿದ್ದರೆ ಸರಾಸರಿ 11 ಲಕ್ಷಕ್ಕೆ ಏರಿ, ಗೀತಾ 40,000 ರೂಪಾಯಿ ಹೆಚ್ಚು ಕೊಡಬೇಕಾಗುತ್ತಿತ್ತು. ಹೊಸದಾಗಿ ಸೇರುವವರು ಮೂರೂ ವರ್ಷದ ಲಾಭ ನಷ್ಟದ ಪಟ್ಟಿಯನ್ನು ಕೇಳಿ ಪಡೆದು, ಸಾಲು ಸಾಲಾಗಿ ಓದಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ಆ 4 ಲಕ್ಷದ ಪ್ರಶ್ನೆ. ಹಳಬರಿಬ್ಬರ ಅನುಪಾತ 3:2 ಇದ್ದುದರಿಂದ ಶಿವಣ್ಣನಿಗೆ 2.4 ಲಕ್ಷ, ಮಹದೇವನಿಗೆ 1.6 ಲಕ್ಷ ಎಂದು ತಕ್ಷಣ ಅನ್ನಿಸುತ್ತದೆ. ಗೀತಾ ಅವರ ಪಾಲನ್ನು ಇಬ್ಬರೂ ಅದೇ 3:2ರಲ್ಲಿ ಬಿಟ್ಟುಕೊಟ್ಟಿದ್ದರೆ ಅದು ಸರಿಯೇ. ಆದರೆ ಇಲ್ಲಿ ವಯಸ್ಸಾದ ಶಿವಣ್ಣ ಅಂಗಡಿಗೆ ಬರುವುದನ್ನು ಕಡಿಮೆ ಮಾಡಲಿದ್ದಾರೆ. ಹಾಗಾಗಿ ಹೊಸ ಅನುಪಾತ 2:2:1 ಎಂದು ತೀರ್ಮಾನವಾಗಿದೆ. ಮಹದೇವನಿಗೆ ಮೊದಲೂ ಐದರಲ್ಲಿ ಎರಡು ಪಾಲು, ಈಗಲೂ ಅಷ್ಟೇ. ಅವರು ಏನನ್ನೂ ಬಿಟ್ಟುಕೊಟ್ಟಿಲ್ಲ. ಶಿವಣ್ಣನ ಮೂರು ಪಾಲು ಎರಡಾಗಿದೆ. ಗೀತಾ ಪಡೆದದ್ದು ಪೂರ್ತಿಯಾಗಿ ಶಿವಣ್ಣನ ಪಾಲನ್ನು. ಆದ್ದರಿಂದ 4 ಲಕ್ಷವೂ ಶಿವಣ್ಣನದೇ.

ಪ್ರತಿಯೊಬ್ಬರ ಹಳೆಯ ಪಾಲಿನಿಂದ ಹೊಸ ಪಾಲನ್ನು ಕಳೆದಾಗ ಸಿಗುವುದಕ್ಕೆ ತ್ಯಾಗದ ಅನುಪಾತ ಎಂದು ಹೆಸರು. ಗುಡ್‌ವಿಲ್ ಹಣ ಹಂಚುವುದು ಅದರ ಪ್ರಕಾರವೇ ಹೊರತು ಹಳೆಯ ಲಾಭದ ಅನುಪಾತದ ಪ್ರಕಾರ ಅಲ್ಲ. ಕೆಲವೊಮ್ಮೆ ಕಳೆದಾಗ ಉತ್ತರ ಋಣವಾಗಿ ಬರುತ್ತದೆ. ಹೊಸ ಅನುಪಾತ 7:9:4 ಎಂದು ಇಟ್ಟುಕೊಳ್ಳಿ. ಆಗ ಶಿವಣ್ಣ ಇಪ್ಪತ್ತರಲ್ಲಿ ಐದು ಪಾಲು ಬಿಟ್ಟಿದ್ದಾರೆ. ಅದರಲ್ಲಿ ನಾಲ್ಕು ಗೀತಾ ಅವರಿಗೆ, ಉಳಿದ ಒಂದು ಮಹದೇವನಿಗೆ. ಹಳಬರಾದರೂ ಮಹದೇವನ ಪಾಲು ಹೆಚ್ಚಿದೆ, ಹಾಗಾಗಿ ಅವರೂ ಶಿವಣ್ಣನಿಗೆ 1 ಲಕ್ಷ ಕೊಡಬೇಕು. ಮಹದೇವನ ಬಂಡವಾಳ ಖಾತೆಗೆ ಅಷ್ಟನ್ನು ಡೆಬಿಟ್ ಮಾಡಿ ಶಿವಣ್ಣನ ಖಾತೆಗೆ ಕ್ರೆಡಿಟ್ ಮಾಡಿದರೆ ಅದು ಮುಗಿಯಿತು. ಈ ಎಂಟ್ರಿ ಬಿಟ್ಟುಹೋಗುವುದು ಬಹಳ, ಏಕೆಂದರೆ ಎಲ್ಲರ ಕಣ್ಣೂ ಹೊಸಬರು ತಂದ ಹಣದ ಮೇಲಿರುತ್ತದೆ.

ಮತ್ತೆ 2:2:1ಕ್ಕೆ ಬರೋಣ. ಗೀತಾ ಬಂಡವಾಳವಾಗಿ 6 ಲಕ್ಷ, ಗುಡ್‌ವಿಲ್‌ಗೆ 4 ಲಕ್ಷ, ಒಟ್ಟು 10 ಲಕ್ಷವನ್ನು ಅಂಗಡಿಯ ಬ್ಯಾಂಕ್ ಖಾತೆಗೆ ಕಟ್ಟುತ್ತಾರೆ. ಮೊದಲ ಎಂಟ್ರಿಯಲ್ಲಿ ಬ್ಯಾಂಕ್ ಖಾತೆಗೆ 10 ಲಕ್ಷ ಡೆಬಿಟ್, ಗೀತಾ ಬಂಡವಾಳ ಖಾತೆಗೆ 6 ಲಕ್ಷ ಮತ್ತು ಗುಡ್‌ವಿಲ್ ಪ್ರೀಮಿಯಂ ಖಾತೆಗೆ 4 ಲಕ್ಷ ಕ್ರೆಡಿಟ್. ಎರಡನೇ ಎಂಟ್ರಿಯಲ್ಲಿ ಪ್ರೀಮಿಯಂ ಖಾತೆಗೆ 4 ಲಕ್ಷ ಡೆಬಿಟ್ ಮಾಡಿ, ಶಿವಣ್ಣನ ಬಂಡವಾಳ ಖಾತೆಗೆ ಕ್ರೆಡಿಟ್. ಪ್ರೀಮಿಯಂ ಖಾತೆ ಅಲ್ಲಿಗೆ ಸೊನ್ನೆಯಾಗುತ್ತದೆ. ಗುಡ್‌ವಿಲ್ ಹಣವನ್ನು ಗೀತಾ ಈಗಲೇ ತರದಿದ್ದರೆ ಅವರ ಚಾಲ್ತಿ ಖಾತೆಗೆ 4 ಲಕ್ಷ ಡೆಬಿಟ್ ಮಾಡಿ ಶಿವಣ್ಣನಿಗೆ ಕ್ರೆಡಿಟ್ ಮಾಡಬೇಕು. ಆಗ ಅದು ಗೀತಾ ತೀರಿಸಬೇಕಾದ ಬಾಕಿಯಾಗಿ ಕಾಣುತ್ತದೆ.

ಹಳೆಯ ಅಭ್ಯಾಸದವರು 20 ಲಕ್ಷ ಗುಡ್‌ವಿಲ್ಲನ್ನೇ ಆಸ್ತಿಯಾಗಿ ಲೆಕ್ಕಕ್ಕೆ ತಂದುಬಿಡುತ್ತಿದ್ದರು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಹಾಗೆ ಮಾಡುವಂತಿಲ್ಲ. ಬೇರೆಯವರಿಂದ ಹಣ ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಆಸ್ತಿಯ ಪಟ್ಟಿಗೆ ಬರಬಹುದು, ಅಂಗಡಿ ತಾನೇ ಗಳಿಸಿದ್ದು ಬರಬಾರದು. ಹಳೆಯ ಅಢಾವೆಯಲ್ಲಿ ಈಗಾಗಲೇ ಗುಡ್‌ವಿಲ್ ಇದ್ದರೆ, ಗೀತಾ ಸೇರುವ ಮುನ್ನ ಅದನ್ನು ಹಳಬರ ಬಂಡವಾಳದಿಂದ 3:2ರಲ್ಲಿ ಕಳೆಯಬೇಕು. ಕೂಡಿಟ್ಟ ಮೀಸಲು ನಿಧಿಯನ್ನೂ ಅದೇ 3:2ರಲ್ಲಿ ಹಳಬರಿಗೆ ಹಂಚಬೇಕು, ಏಕೆಂದರೆ ಅದು ಗೀತಾ ಬರುವ ಮುನ್ನ ಆದ ಲಾಭ.

ದೊಡ್ಡ ತಪ್ಪೆಂದರೆ ಗೀತಾ ತಂದ 4 ಲಕ್ಷವನ್ನು ಅಂಗಡಿಯ ಆದಾಯವೆಂದು ಲಾಭ ನಷ್ಟದ ಖಾತೆಗೆ ಸೇರಿಸುವುದು. ವರ್ಷದ ಕೊನೆಗೆ ಅದು ಲಾಭವಾಗಿ 2:2:1ರಲ್ಲಿ ಹಂಚಿಹೋಗುತ್ತದೆ. ಗೀತಾ ತಾವೇ ಕೊಟ್ಟ ಹಣದಲ್ಲಿ 80,000 ವಾಪಸ್ ಪಡೆಯುತ್ತಾರೆ. ಏನನ್ನೂ ಬಿಟ್ಟುಕೊಡದ ಮಹದೇವನಿಗೆ 1.6 ಲಕ್ಷ ಸಿಗುತ್ತದೆ. ಪಾಲು ಬಿಟ್ಟ ಶಿವಣ್ಣನಿಗೆ 4 ಲಕ್ಷದ ಬದಲು 1.6 ಲಕ್ಷ. ಅಢಾವೆ ಎರಡೂ ಕಡೆ ಸರಿಯಾಗಿ ತಾಳೆಯಾಗುವುದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಪತ್ತೆ ಮಾಡಲು ಒಂದೇ ದಾರಿ, ಬಂಡವಾಳ ಖಾತೆಗಳನ್ನು ತೆರೆದು ಸೇರ್ಪಡೆಯ ದಿನಾಂಕದಂದು ಶಿವಣ್ಣನ ಹೆಸರಿನಲ್ಲಿ 4 ಲಕ್ಷ ಕ್ರೆಡಿಟ್ ಇದೆಯೇ ಎಂದು ನೋಡುವುದು.

ಇನ್ನು ಲಾಭ ಹಂಚಿಕೆ. ಹೊಸ ಅನುಪಾತವನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಅನುಪಾತದ ಬಗ್ಗೆ ಒಪ್ಪಂದವೇ ಇಲ್ಲದಿದ್ದರೆ ಕಾಯ್ದೆಯ 13ನೇ ಕಲಮು ಎಲ್ಲರಿಗೂ ಸಮಪಾಲು ಎನ್ನುತ್ತದೆ, ಆಗ ಗೀತಾ ಅವರಿಗೆ ಐದನೇ ಒಂದರ ಬದಲು ಮೂರನೇ ಒಂದು ಪಾಲು. ನೋಂದಾಯಿಸಿದ ಸಂಸ್ಥೆಯಾಗಿದ್ದರೆ ಈ ಬದಲಾವಣೆಯನ್ನು ಸಂಸ್ಥೆಗಳ ನೋಂದಣಾಧಿಕಾರಿಗೂ ತಿಳಿಸಬೇಕು.

ವರ್ಷದ ನಡುವೆ ಸೇರಿದರೆ ಅದಕ್ಕೂ ಹೆಚ್ಚಿನ ಎಚ್ಚರ ಬೇಕು. ಗೀತಾ ಅಕ್ಟೋಬರ್ 1ಕ್ಕೆ ಸೇರಿ, ಆ ವರ್ಷದ ಲಾಭ 12 ಲಕ್ಷ ಬಂತು ಎಂದಿರಲಿ. ತಿಂಗಳ ಲೆಕ್ಕದಲ್ಲಿ ಅರ್ಧ ಮಾಡಿದರೆ ಮೊದಲ 6 ಲಕ್ಷ 3:2ರಲ್ಲಿ, ನಂತರದ 6 ಲಕ್ಷ 2:2:1ರಲ್ಲಿ ಹಂಚಿ, ಗೀತಾ ಅವರಿಗೆ 1.2 ಲಕ್ಷ ಬರುತ್ತದೆ. ಆದರೆ ಬಟ್ಟೆ ಅಂಗಡಿಯ ದಸರಾ ದೀಪಾವಳಿ ವ್ಯಾಪಾರ ಹೆಚ್ಚಿನ ವರ್ಷಗಳಲ್ಲಿ ಅಕ್ಟೋಬರ್‌ನಿಂದ ಆಚೆಗೆ. ಮೊದಲ ಆರು ತಿಂಗಳಲ್ಲಿ 4 ಲಕ್ಷ, ಆಮೇಲೆ 8 ಲಕ್ಷ ಬಂದಿದ್ದರೆ ಅವರ ನಿಜವಾದ ಪಾಲು 1.6 ಲಕ್ಷ. ಆದ್ದರಿಂದ ಸೆಪ್ಟೆಂಬರ್ 30ರ ಸಂಜೆ ಬಾಗಿಲು ಹಾಕಿದ ಮೇಲೆ ಥಾನುಗಳನ್ನು ಎಣಿಸಿ, ಗಿರಾಕಿಗಳ ಬಾಕಿ ಬರೆದುಕೊಂಡು, ಆವರೆಗಿನ ಲೆಕ್ಕವನ್ನು ಪ್ರತ್ಯೇಕವಾಗಿ ಮುಗಿಸಿ ಮೂವರೂ ಅದಕ್ಕೆ ಸಹಿ ಹಾಕುವುದು ಒಳ್ಳೆಯದು.