ರಾಣಿ ಬಣ್ಣದ ಶೇರ್ವಾನಿ

ಆರತಕ್ಷತೆ ಮುಗಿದು ಎಂಟು ದಿನಕ್ಕೆ ಮದುಮಗ ಒಬ್ಬನೇ ದಾವಣಗೆರೆಯ ನಮ್ಮ ಸ್ಟುಡಿಯೋಗೆ ಬಂದ. ವೇದಿಕೆ ಮೇಲೆ ಮೂರು ತಾಸು ನಿಂತಾಗಲೂ ಬಾಯಿ ಬಿಡದ ಹುಡುಗ. ‘ಸ್ವಲ್ಪ ನಗ್ರಿ’ ಎಂದರೆ ತಲೆ ತಗ್ಗಿಸುತ್ತಿದ್ದ. ತಂದಿಟ್ಟ ಚಹಾ ಆರುವವರೆಗೂ ಸುಮ್ಮನಿದ್ದು ಕೊನೆಗೆ ಕೇಳಿದ: ‘ಅಣ್ಣಾ, ಮನೆಯವರು ಆಲ್ಬಮ್ ನೋಡೋದ್ರೊಳಗೆ ಶೇರ್ವಾನಿ ಬಣ್ಣ ಬದಲಾಯಿಸೋಕಾಗುತ್ತಾ?’

ಅದು ರಾಣಿ ಬಣ್ಣದ್ದು, ಸೋದರತ್ತೆ ಆರಿಸಿದ್ದು. ಅಂಗಡಿಯಲ್ಲಿ ಬೇಡ ಎನ್ನಲು ಅವನಿಗೆ ಬಾಯೇ ಬಂದಿರಲಿಲ್ಲ. ಬೇಕಿದ್ದದ್ದು ಕಡುನೀಲಿ. ಮದುಮಗಳಿಗೆ ಗೊತ್ತೇ ಎಂದೆ. ‘ಅವಳೇ ಕಳಿಸಿದ್ದು’ ಎಂದ.

ಬಣ್ಣ ಬದಲಿಸುವುದು ಗುಂಡಿ ಒತ್ತಿದಷ್ಟು ಸುಲಭವೆಂದು ಜನ ತಿಳಿದಿದ್ದಾರೆ. ಫೋಟೊಶಾಪ್‌ನಲ್ಲಿ Hue/Saturation ತೆರೆದು, ಅದರಲ್ಲಿ Magentas ಆರಿಸಿ Hue ಸರಿಸಿದರೆ ರಾಣಿ ಬಣ್ಣ ನೀಲಿಯಾಗುವುದೇನೋ ನಿಜ. ಜರಿ ಹಳದಿಯ ಕಡೆಯದಾದ್ದರಿಂದ ಬಹುಪಾಲು ಹಾಗೇ ಉಳಿಯುತ್ತದೆ. ಆದರೆ ಹಾರದ ಗುಲಾಬಿಯಲ್ಲೂ, ಮದುಮಗಳ ತುಟಿಯಲ್ಲೂ ಅದೇ ಬಣ್ಣದ ಪಾಲಿದೆ. ಅವೂ ನೀಲಿಗೆ ತಿರುಗಿದವು! ಹಾಗಾಗಿ ಪ್ರತಿ ಫೋಟೊದಲ್ಲೂ ಶೇರ್ವಾನಿಯ ಅಂಚನ್ನು ಗೆರೆ ಎಳೆದು ಬೇರ್ಪಡಿಸಿ, ಹಾರದ ಎಸಳುಗಳ ನಡುವೆ ಇಣುಕುವ ಬಟ್ಟೆಯನ್ನೂ ಕುಂಚದಿಂದ ಹುಡುಕಿ ತುಂಬಬೇಕು. ಆಮೇಲೆ ಬೆಳಕು ತಗ್ಗಿಸಬೇಕು. ಅದೂ ಹದವಾಗಿ, ಹೆಚ್ಚು ತಗ್ಗಿಸಿದರೆ ನೆರಿಗೆಗಳು ಮುಚ್ಚಿಹೋಗಿ ಬಟ್ಟೆ ರಟ್ಟಿನಂತೆ ಕಾಣುತ್ತದೆ.

ಅವನ ಅದೃಷ್ಟಕ್ಕೆ ಅದು ಬಿಳಿ ಶೇರ್ವಾನಿಯಲ್ಲ. ಬಿಳಿಯಲ್ಲಿ ಸರಿಸಲು ಬಣ್ಣವೇ ಇರುವುದಿಲ್ಲ, ಹೊಸದಾಗಿ ಬಳಿಯಬೇಕು. ಕಡುಬಣ್ಣವನ್ನು ತಿಳಿಗೊಳಿಸುವುದು ಇನ್ನೂ ಕಷ್ಟ. ನೆರಳಲ್ಲಿ ಅಡಗಿದ ಕಾಳುಕಾಳು ಕಲೆಗಳೆಲ್ಲ ಎದ್ದು ಬರುತ್ತವೆ.

ನಿಜವಾದ ಸುಳಿವು ಸಿಗುವುದು ಬಟ್ಟೆಯಲ್ಲಿ ಅಲ್ಲ, ಗದ್ದದ ಕೆಳಗೆ. ವೇದಿಕೆಯ ಬೆಳಕು ಬಟ್ಟೆಗೆ ಬಡಿದು ಮುಖಕ್ಕೆ ಹಿಂತಿರುಗುವಾಗ ಬಟ್ಟೆಯ ಬಣ್ಣವನ್ನೂ ಹೊತ್ತು ತರುತ್ತದೆ. ಗದ್ದ, ಕತ್ತು, ಕೈ ಕಟ್ಟಿದ್ದರೆ ಅಂಗೈ, ಎಲ್ಲ ಕಡೆ ತೆಳು ಗುಲಾಬಿ ಹೊಳಪು. ಶೇರ್ವಾನಿ ನೀಲಿಯಾಗಿ ಹೊಳಪು ಗುಲಾಬಿಯಾಗೇ ಉಳಿದರೆ ನೋಡುವವರಿಗೆ ಏನೋ ತಪ್ಪಿದಂತೆ ಅನಿಸುತ್ತದೆ, ಕಾರಣ ಹೊಳೆಯುವುದಿಲ್ಲ. ಅಲ್ಲೆಲ್ಲ ಆ ಬಣ್ಣವನ್ನು ಕೈಯಿಂದ ಇಳಿಸುತ್ತ ಹೋಗಬೇಕು.

ಆಲ್ಬಮ್‌ಗೆ ಆರಿಸಿದ್ದ 42 ಫೋಟೊಗಳಿಗೆ ನಾಲ್ಕು ರಾತ್ರಿ ಹಿಡಿಯಿತು. ಮೂಲ ಫೈಲುಗಳನ್ನು ಮುಟ್ಟಲಿಲ್ಲ, ಬೇರೆ ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ವಿಡಿಯೊದಲ್ಲಿ, ನೆಂಟರ ಮೊಬೈಲುಗಳಲ್ಲಿ ರಾಣಿ ಬಣ್ಣವೇ ಇರುತ್ತದೆಂದು ಮೊದಲೇ ತಿಳಿಸಿದ್ದೆ. ತಲೆಯಾಡಿಸಿದ್ದ.

ಆಲ್ಬಮ್ ಕೊಡಲು ನಾನೇ ಅವರ ಮನೆಗೆ ಹೋದೆ. ಸೋದರತ್ತೆ ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ತಿರುವಿದರು. ಒಂಬತ್ತನೆಯ ಹಾಳೆಯಲ್ಲಿ ಬೆರಳು ನಿಂತಿತು, ಮದುಮಗನ ಗದ್ದದ ಕೆಳಗೆ. ನಾನು ಬಿಟ್ಟುಬಿಟ್ಟಿದ್ದ ಒಂದೇ ಒಂದು ಕಡೆ.

‘ಇಲ್ಲೇನಿದು ಕೆಂಪು?’

ನಾನು ಬಾಯಿ ತೆರೆಯುವುದರೊಳಗೆ ಅವನೇ ಹೇಳಿದ: ‘ಅದು ನೀವು ಕೊಡಿಸಿದ ಬಣ್ಣ ಅತ್ತೆ. ನೀಲಿ ಮಾಡಿಸಿದ್ದು ನಾನು.’

ಅತ್ತೆ ಅವನ ಮುಖವನ್ನೇ ನೋಡಿದರು. ‘ಅಂಗಡಿಯಾಗೇ ಹೇಳಬಾರದಿತ್ತೇನೋ?’